ಲಾರಿ ಪಲ್ಟಿಯಾಗದ ನತದೃಷ್ಟರು

ಬಲ್ಮಠದಿಂದ ಬೆಂಗಳೂರಿಗೆ ಮನೆ ಖಾಲಿ ಮಾಡಿಕೊಂಡು ಹೊರಟವರಿಗೆ ನನ್ನದೊಂದು ಕಿವಿಮಾತು. ಸಾಮಾನು ಹೊತ್ತ ಲಾರಿ ಶಿರಾಡಿ ಘಾಟಿಯಲ್ಲಿ ಪಲ್ಟಿಯಾಗಲಿ ಎಂದು ಹರಕೆ ಹೇಳಿಕೊಳ್ಳಿ. ಡ್ರೈವರಿಗೆ, ಕ್ಲೀನರಿಗೆ ಒಂದು ಗೀರೂ ಆಗಬಾರದು ಎಂದು ಜೊತೆಗೇ ಸೇರಿಸಿ. ಹಾಗೇನಾದರೂ ಆದರೆ ನಿಮ್ಮ ವಿಮೆ ಹಣ ಕೊಡುವ ಸಾಧ್ಯತೆ ಉಂಟು. ಲಾರಿ ಸುಖವಾಗಿ ವೈಟ್‌ಫೀಲ್ಡ್ ತಲುಪಿ, ಒಳಗೆ ಅಜ್ಜಿ ಕಾಲದ ಕಪಾಟಿನ ಕನ್ನಡಿ ಮಾತ್ರ ಒಡೆದಿದ್ದರೆ ನಿಮ್ಮಷ್ಟು ನತದೃಷ್ಟರು ಬೇರೆ ಯಾರೂ ಇಲ್ಲ.

ನಮ್ಮ ನೆರೆಮನೆಯ ದಂಪತಿ ಅಂಥ ನತದೃಷ್ಟರು. ಗಂಡ ನಿವೃತ್ತ ಬ್ಯಾಂಕ್ ಮ್ಯಾನೇಜರು. ಜೀವಮಾನವಿಡೀ ಬೇರೆಯವರ ಸಾಲದ ಪತ್ರಗಳಲ್ಲಿ ಅಲ್ಪವಿರಾಮ ತಪ್ಪಿದ್ದರೂ ವಾಪಸು ಕಳಿಸಿದವರು. ಅವರ ಪತ್ನಿ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಓಣಿಯ ಮಟ್ಟಿಗೆ ಈಗಲೂ ಟೀಚರೇ. ಮಗಳ ಮಕ್ಕಳನ್ನು ನೋಡಿಕೊಳ್ಳಲು ಬೆಂಗಳೂರಿಗೆ ಹೋಗುವುದೆಂದು ತೀರ್ಮಾನವಾಯಿತು. ಪ್ಯಾಕರ್ಸ್‌ನವನೊಬ್ಬ ಬಂದು ಮನೆಯೆಲ್ಲ ಸುತ್ತಿ, ಬೀಟಿ ಮರದ ಕಪಾಟನ್ನು ತಟ್ಟಿ ನೋಡಿ, ಚಾ ಕುಡಿದು, ಕೊಟೇಶನ್ ಬರೆದ. ಸಾಗಣೆ 14,000, ಪ್ಯಾಕಿಂಗ್ 12,000, ಲೋಡಿಂಗ್-ಅನ್‌ಲೋಡಿಂಗ್ 8,000, ಬಿಚ್ಚಿ ಜೋಡಿಸುವುದಕ್ಕೆ 4,000. ಒಟ್ಟು 38,000 ರೂಪಾಯಿ. ಆಮೇಲೆ ಪೆನ್ನು ಎತ್ತಿ ಕೇಳಿದ: “ಇನ್ಶೂರೆನ್ಸ್ ಹಾಕುವುದಾ ಸಾರ್?”

ಮ್ಯಾನೇಜರಿಗೆ ಹೆಮ್ಮೆಯಾಯಿತು. ವಿಮೆಯಿಲ್ಲದೆ ವ್ಯವಹಾರ ಮಾಡುವವರು ಅವರಲ್ಲ. ಸಾಮಾನಿನ ಮೌಲ್ಯ ನಾಲ್ಕು ಲಕ್ಷ ಎಂದರು. ಅದಕ್ಕೆ ಶೇಕಡಾ ಮೂರರಂತೆ 12,000. ಬಿಲ್ಲಿನಲ್ಲಿ ಅದನ್ನು ‘ಎಫ್‌ಒವಿ’ ಎಂದು ಬರೆದ. ಏನದು ಎಂದು ಕೇಳಿದರೆ, “ಫ್ರೈಟ್ ಆನ್ ವ್ಯಾಲ್ಯೂ ಸಾರ್, ಇನ್ಶೂರೆನ್ಸೇ ಅದು. ನೀವು ತಲೆಬಿಸಿ ಮಾಡ್ಬೇಡಿ” ಎಂದ.

ನಮ್ಮ ಊರಿನಲ್ಲಿ ತಲೆಬಿಸಿ ಮಾಡಬೇಡಿ ಎಂದು ಯಾರಾದರೂ ಹೇಳಿದರೆ ತಲೆಬಿಸಿ ಶುರುಮಾಡಲು ಅದೇ ಸರಿಯಾದ ಮುಹೂರ್ತ.

ಈ ದೇಶದಲ್ಲಿ ವಿಮೆ ಕೊಡುವ ಅಧಿಕಾರ ಇರುವುದು ವಿಮಾ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾದ ಕಂಪನಿಗೆ ಮಾತ್ರ. ರಟ್ಟಿನ ಪೆಟ್ಟಿಗೆ, ಟೇಪು, ಹಗ್ಗ ಇಟ್ಟುಕೊಂಡವರು ಜೊತೆಗೆ ವಿಮೆಯನ್ನೂ ತಮ್ಮ ಕೈಯಿಂದಲೇ ಕೊಡುವಂತಿಲ್ಲ. ಪ್ಯಾಕರ್ಸ್‌ನವರು ಒಂದು ನಿಜವಾದ ವಿಮಾ ಕಂಪನಿಯಿಂದ ಓಪನ್ ಪಾಲಿಸಿ ತೆಗೆದುಕೊಂಡು, ನಿಮ್ಮ ಲಾರಿ ಹೊರಡುವ ಮೊದಲು ನಿಮ್ಮ ಸಾಮಾನನ್ನು ಅದರೊಳಗೆ ಘೋಷಿಸಬಹುದು. ಆಗ ನಿಮ್ಮ ಕೈಗೆ ಒಂದು ಸರ್ಟಿಫಿಕೇಟ್ ಬರಬೇಕು. ಅದರಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್, ನಿಮ್ಮ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಮೊತ್ತ, ಯಾವ ಷರತ್ತು ಎಂಬುದೆಲ್ಲ ಇರಬೇಕು. ತಾರೀಕು ಲಾರಿ ಹೊರಡುವುದಕ್ಕಿಂತ ಹಿಂದಿನದಾಗಿರಬೇಕು; ಏಕೆಂದರೆ ಪ್ರೀಮಿಯಂ ಮೊದಲೇ ಕೈಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ ಎಂಬುದು 1938ರ ವಿಮಾ ಕಾಯ್ದೆಯ ಕಟ್ಟಳೆ. ಆ ನಂಬರ್ ಹಿಡಿದು ವಿಮಾ ಕಂಪನಿಗೇ ಒಂದು ಫೋನ್ ಮಾಡಿದರೆ ಐದು ನಿಮಿಷದಲ್ಲಿ ಸತ್ಯ ಹೊರಬೀಳುತ್ತದೆ.

ಮ್ಯಾನೇಜರಿಗೆ ಸಿಕ್ಕಿದ್ದು ಬಿಲ್ಲು. ಬಿಲ್ಲಿನಲ್ಲಿ ಎಫ್‌ಒವಿ 12,000. ಅದರ ಜೊತೆ ಕೊಟ್ಟ ಲಾರಿ ರಸೀದಿ, ಅಂದರೆ ಎಲ್‌ಆರ್‌ನ ಕೆಳಗೆ ನೇರಳೆ ಶಾಯಿಯ ರಬ್ಬರ್ ಸ್ಟ್ಯಾಂಪು: ‘ಓನರ್ಸ್ ರಿಸ್ಕ್’. ಅಂದರೆ ಅಪಾಯವನ್ನು ತಾವು ಹೊರುತ್ತೇವೆಂದು ಹನ್ನೆರಡು ಸಾವಿರ ಇಸಿದುಕೊಂಡು, ಅಪಾಯವನ್ನು ಮಾಲೀಕರ ತಲೆಗೇ ವಾಪಸು ಕಟ್ಟಿದರು. ಬ್ಯಾಂಕಿನಲ್ಲಿ ಇದನ್ನು ಯಾರಾದರೂ ಮಾಡಿದ್ದರೆ ಮ್ಯಾನೇಜರು ಆಡಿಟ್ ಕರೆಸುತ್ತಿದ್ದರು. ಇಲ್ಲಿ ‘ಥ್ಯಾಂಕ್ಯೂ’ ಎಂದರು.

ಸರಿ, ನಿಜವಾದ ಪಾಲಿಸಿಯೇ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಆಗ ಏನಾಗುತ್ತದೆ?

ದೇಶದೊಳಗಿನ ಸಾಗಣೆಗೆ ವಿಮಾ ಕಂಪನಿಗಳು ಬಳಸುವ ಷರತ್ತುಗಳಲ್ಲಿ ಎ, ಬಿ, ಸಿ ಎಂಬ ಮೂರು ತರಗತಿಗಳಿವೆ. ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಜ್ ಎಂದು ಹೆಸರು. ‘ಎ’ ಎಂದರೆ ಹೊರಗಿಟ್ಟ ಕಾರಣಗಳನ್ನು ಬಿಟ್ಟು ಉಳಿದೆಲ್ಲ ಅಪಾಯ. ‘ಬಿ’ ಎಂದರೆ ಬೆಂಕಿ, ಸಿಡಿಲು, ಸೇತುವೆ ಕುಸಿತ, ಡಿಕ್ಕಿ, ವಾಹನ ಪಲ್ಟಿ, ಹಳಿ ತಪ್ಪುವುದು. ‘ಸಿ’ ಎಂದರೆ ಬೆಂಕಿ ಮತ್ತು ಸಿಡಿಲು, ಅಷ್ಟೇ. ಬಳಸಿದ ಮನೆ ಸಾಮಾನೆಂದರೆ ವಿಮಾ ಕಂಪನಿಗೆ ಅಪಶಕುನ. ಆದ್ದರಿಂದ ಹಲವರಿಗೆ ಸಿಗುವುದು ‘ಬಿ’, ಇಲ್ಲವೇ ಗೀರು, ತಗ್ಗು, ಚಕ್ಕೆ ಏಳುವುದನ್ನೆಲ್ಲ ಕತ್ತರಿಸಿ ಹಾಕಿದ ‘ಎ’.

ಈಗ ಜೂನ್ ತಿಂಗಳನ್ನು ನೆನೆಯಿರಿ. ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೇ ಎಲ್ಲರಿಗೂ ಮನೆ ಬದಲಿಸುವ ಯೋಗ. ಅದೇ ಹೊತ್ತಿಗೆ ಘಟ್ಟದಲ್ಲಿ ಮಳೆ. ಗುಂಡ್ಯ ದಾಟಿದ ಮೇಲೆ ಟರ್ಪಾಲು ಹರಿದು ಹಾಸಿಗೆಗಳು ನೆನೆದು ಮುದ್ದೆಯಾದವು. ‘ಬಿ’ ಪಾಲಿಸಿಯಲ್ಲಿ ಮಳೆ ಇಲ್ಲ. ಲಾರಿ ಹೊಂಡಕ್ಕೆ ಬಿದ್ದು ಎದ್ದಾಗ ಕಪಾಟಿನ ಕಾಲು ಮುರಿಯಿತು. ಹೊಂಡವೂ ಇಲ್ಲ. ನಮ್ಮ ಕಡೆಯ ಹೆದ್ದಾರಿಯಲ್ಲಿ ಹೊಂಡವಿಲ್ಲದ ಏಕೈಕ ಜಾಗವೆಂದರೆ ವಿಮಾ ಪಾಲಿಸಿ. ಅದೇ ಲಾರಿ ಪೂರ್ತಿ ಮಗುಚಿದ್ದರೆ ಹಾಸಿಗೆ, ಕಪಾಟು ಎರಡೂ ಲೆಕ್ಕಕ್ಕೆ ಬರುತ್ತಿದ್ದವು. ಅದಕ್ಕೇ ಹೇಳಿದ್ದು, ಹರಕೆ.

ಪೂರ್ತಿ ‘ಎ’ ಪಾಲಿಸಿಯೇ ಇದ್ದರೂ ಹಿಗ್ಗಬೇಡಿ. ಅದು ಬಿಟ್ಟ ಕಾರಣಗಳ ಪಟ್ಟಿಯಲ್ಲಿ ‘ಸಾಕಷ್ಟಿಲ್ಲದ ಪ್ಯಾಕಿಂಗ್’ ಎಂಬ ರತ್ನವೊಂದಿದೆ. ಕನ್ನಡಿ ಒಡೆಯಿತು. ಏಕೆ ಒಡೆಯಿತು? ಪ್ಯಾಕಿಂಗ್ ಸರಿ ಇರಲಿಲ್ಲ. ಪ್ಯಾಕ್ ಮಾಡಿದವರು ಯಾರು? ಪ್ಯಾಕರ್ಸ್. ಅವರ ತಪ್ಪಿನಿಂದ ನಿಮ್ಮ ಕ್ಲೇಮು ಬಿತ್ತು. ಪ್ಯಾಕಿಂಗಿಗೆ ಅವರು ತೆಗೆದುಕೊಂಡ 12,000 ಮಾತ್ರ ಬೀಳಲಿಲ್ಲ. ಟಿ.ವಿ. ಹಚ್ಚಿದರೆ ಪರದೆಯ ನಡುವೆ ಹಸಿರು ಗೆರೆ; ಹೊರಗೆ ಒಂದು ಗೀರೂ ಇಲ್ಲ. ಹೊರಗೆ ಪೆಟ್ಟಿನ ಗುರುತಿಲ್ಲದ ವಿದ್ಯುತ್-ಯಾಂತ್ರಿಕ ದೋಷವನ್ನು ಮನೆ ಸಾಮಾನಿನ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಆರು ಕುರ್ಚಿಯಲ್ಲಿ ಒಂದು ಮುರಿದರೆ ಒಂದರ ಬೆಲೆ ಮಾತ್ರ. ಜೋಡಿ ಕೆಟ್ಟಿತೆಂಬ ದುಃಖಕ್ಕೆ ಪರಿಹಾರವಿಲ್ಲ.

ಇನ್ನು ಉಳಿದ ಕಪಾಟಿನ ಕಾಲಿಗೆ ಬನ್ನಿ. ಆಚಾರಿ ಕೊಟ್ಟ ಎಸ್ಟಿಮೇಟ್ 18,000. ಇಲ್ಲಿ ಮ್ಯಾನೇಜರ ಜಾಣತನ ಬೆಳಕಿಗೆ ಬರುತ್ತದೆ. ಮನೆ ಸಾಮಾನನ್ನೆಲ್ಲ ಪ್ರಾಮಾಣಿಕವಾಗಿ ಕೂಡಿಸಿದರೆ ಎಂಟು ಲಕ್ಷವಾಗುತ್ತಿತ್ತು. ಪ್ರೀಮಿಯಂ ಉಳಿಸಲು ನಾಲ್ಕೆಂದು ಬರೆಸಿದ್ದರು. ವಿಮೆಯವರ ಲೆಕ್ಕದಲ್ಲಿ ಅರ್ಧ ಮೌಲ್ಯಕ್ಕೆ ವಿಮೆ ಮಾಡಿದವನು ಉಳಿದರ್ಧಕ್ಕೆ ತಾನೇ ವಿಮಾದಾರ. ಹಾಗಾಗಿ 18,000ಕ್ಕೆ 9,000. ಪಾಲಿಸಿಯಲ್ಲಿ 5,000ದ ಎಕ್ಸೆಸ್ ಇದ್ದರೆ ಕೈಗೆ 4,000. ಇಷ್ಟಾಗಬೇಕಾದರೂ ಕಾಲು ಮೊದಲೇ ಮುರಿದಿರಲಿಲ್ಲ ಎಂದು ನೀವು ತೋರಿಸಬೇಕು.

ಕಳೆದುಹೋದ ವಸ್ತು ಸಿಗಲೆಂದು ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಒಪ್ಪಿಸುವ ಊರು ನಮ್ಮದು. ಅಜ್ಜ ದಾಖಲೆ ಕೇಳುವುದಿಲ್ಲ. ಒಡೆದ ವಸ್ತುವಿಗೆ ಬರುವ ಸರ್ವೇಯರು ಕೇಳುತ್ತಾನೆ: ಪ್ಯಾಕಿಂಗ್ ಪಟ್ಟಿ, ಎಲ್‌ಆರ್, ಎಲ್‌ಆರ್ ಮೇಲೆ ಡೆಲಿವರಿಯ ಹೊತ್ತಿನಲ್ಲಿ ಬರೆದ ಷರಾ, ಸಾಗಣೆದಾರ ಕೊಟ್ಟ ಡ್ಯಾಮೇಜ್ ಸರ್ಟಿಫಿಕೇಟ್, ಅವನ ಮೇಲೆ ನೀವು ಹೂಡಿದ ಲಿಖಿತ ಕ್ಲೇಮಿನ ಪ್ರತಿ, ಫೋಟೊ, ಬಿಲ್ಲು ಅಥವಾ ರಿಪೇರಿ ಎಸ್ಟಿಮೇಟ್. ಒಡೆದ ಗಾಜು, ಜಜ್ಜಿದ ಪೆಟ್ಟಿಗೆ ಎಲ್ಲವನ್ನೂ ಅವನು ಬರುವ ತನಕ ಕಾಯಿಸಬೇಕು. ಮನೆ ಚೊಕ್ಕಟ ಮಾಡುವವರಿಗೆ ಪರಿಹಾರ ಸಿಗುವುದಿಲ್ಲ.

ಈ ಎಲ್ಲ ಕಾಗದಗಳಲ್ಲಿ ಹೆಚ್ಚು ತೂಕ ಡೆಲಿವರಿಯ ಷರಾದ್ದು. ಅದನ್ನು ಬರೆಯಬೇಕಾದ ಹೊತ್ತು ಎಂಥದೆಂದು ನೋಡಿ.

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತು ಗಂಟೆಗೆ ಸರ್ವಿಸ್ ಲಿಫ್ಟ್ ಬಂದ್. ಲಾರಿ ಬಂದದ್ದು ಒಂಬತ್ತೂಕಾಲಿಗೆ. ಬೆಳಿಗ್ಗೆ ಬಲ್ಮಠದಲ್ಲಿ ತುಂಬಿದ ಹುಡುಗರು ಇವರಲ್ಲ, ಲಾರಿಯೂ ಅದಲ್ಲ. ನಡುವೆ ಯಾವುದೋ ಗೋಡೌನಿನಲ್ಲಿ ಸಾಮಾನು ಇಳಿದು ಬೇರೆ ಲಾರಿಗೆ ಹತ್ತಿದೆ. ಪಾರ್ಟ್ ಲೋಡ್ ಎಂದರೆ ಹೀಗೆಯೇ, ಹೆಚ್ಚಿನ ಪೆಟ್ಟು ಬೀಳುವುದೂ ಅಲ್ಲಿಯೇ. ವಾಚ್‌ಮನ್ ಸೀಟಿ ಊದುತ್ತಿದ್ದಾನೆ. ಲೋಡಿಂಗಿನ ಹುಡುಗರು ಚಾ ಕಾಸಿಗೆ ನಿಂತಿದ್ದಾರೆ. ಮೊಮ್ಮಗು ಅಳುತ್ತಿದೆ. ನಲವತ್ತು ಪೆಟ್ಟಿಗೆಗಳು ಹಾಲ್‌ನಲ್ಲಿ ಗುಡ್ಡವಾಗಿವೆ. ಸೂಪರ್‌ವೈಸರ್ ಕಾಗದ ಚಾಚಿ, ಬೆರಳಿನಿಂದ ಜಾಗ ತೋರಿಸುತ್ತಾನೆ. ಆ ಜಾಗದ ಮೇಲೆ ಸಣ್ಣ ಅಕ್ಷರದಲ್ಲಿ, ಎಲ್ಲ ಸಾಮಾನು ಸುಸ್ಥಿತಿಯಲ್ಲಿ ತಲುಪಿದೆ ಎಂದು ಮೊದಲೇ ಅಚ್ಚಾಗಿದೆ. ಸಾಮಾನು ಹೇಗೆ ತಲುಪಲಿದೆ ಎಂಬುದು ಪ್ರೆಸ್ಸಿನವನಿಗೆ ಮೊದಲೇ ಗೊತ್ತಿತ್ತು!

ಮ್ಯಾನೇಜರು ಸಹಿ ಹಾಕಿದರು.

ಆದರೆ ಟೀಚರ್ ಬಲ್ಮಠದಲ್ಲೇ ಒಂದು ಕೆಲಸ ಮಾಡಿದ್ದರು. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಪೆಟ್ಟಿಗೆಗಳಿಗೆ ನಂಬರು ಕೊಟ್ಟು, ಒಳಗೆ ಏನಿದೆ ಎಂದು ಬರೆದಿದ್ದರು. ಕಪಾಟಿನ ನಾಲ್ಕು ಕಾಲುಗಳನ್ನೂ ಕನ್ನಡಿಯನ್ನೂ ಪ್ಯಾಕ್ ಆಗುವ ಮೊದಲು ಫೋನಿನಲ್ಲಿ ಹಿಡಿದಿದ್ದರು. ವೈಟ್‌ಫೀಲ್ಡಿನಲ್ಲಿ ಲಿಫ್ಟಿನ ಬಾಗಿಲಲ್ಲೇ ನಿಂತು ಹಾಜರಿ ಕರೆದರು. ಮೂವತ್ತೊಂದು ಗೈರು. ಹದಿನೇಳರ ಮೂಲೆ ಜಜ್ಜಿತ್ತು. ಎತ್ತಿದರೆ ಒಳಗೆ ಗಾಜಿನ ಸದ್ದು. ಗಂಡನ ಕೈಯಿಂದ ಪೆನ್ನು ಕಿತ್ತುಕೊಂಡು, ಸಹಿಯ ಕೆಳಗೆ ಬರೆದರು: ‘ಪೆಟ್ಟಿಗೆ 17 ಜಜ್ಜಿದೆ, ಕನ್ನಡಿ ಒಡೆದಿದೆ. ಕಪಾಟಿನ ಹಿಂದಿನ ಎಡಗಾಲು ಮುರಿದಿದೆ. ಪೆಟ್ಟಿಗೆ 31 ಬಂದಿಲ್ಲ. ಉಳಿದವು ತೆರೆದು ನೋಡಿಲ್ಲ.’

ಸೂಪರ್‌ವೈಸರ್ ಬಿಳಚಿಕೊಂಡ. “ಅಮ್ಮಾ, ಅದೆಲ್ಲ ಬರೀಬೇಡಿ, ಕಂಪನಿಯವರು ನೋಡ್ಕೊಳ್ತಾರೆ.”

“ಅವರು ನೋಡ್ಲಿ ಅಂತಲೇ ಬರೆಯುವುದು ಮಾರಾಯ” ಎಂದರು ಟೀಚರ್. ಕಾಗದದ ಫೋಟೊ ತೆಗೆದುಕೊಂಡರು. ಅದೇ ರಾತ್ರಿ ಅದನ್ನು ಕಂಪನಿಯ ಇಮೇಲಿಗೆ ಕಳಿಸಿದರು.

ಆ ಬರಹದ ಕೊನೆಯ ವಾಕ್ಯ ಸಾಧಾರಣದ್ದು. ‘ತೆರೆದು ನೋಡಿಲ್ಲ’ ಎಂದಷ್ಟೇ ಬರೆಯುವವರು ಬಹಳ ಜನ, ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ತೂಕ ಇರುವುದು ನಂಬರು, ವಸ್ತು, ಪೆಟ್ಟು ಎಂಬ ಮೂರನ್ನೂ ಹೆಸರಿಟ್ಟು ಹೇಳಿದ ವಾಕ್ಯಗಳಿಗೆ.

ಹಾಗಾದರೆ ವಿಮೆಯೇ ಇಲ್ಲದ ಈ ಜೋಡಿ ಯಾರನ್ನು ಕೇಳಬೇಕು? ಸಾಗಿಸಿದವನನ್ನೇ. ಪ್ಯಾಕರ್ಸ್‌ನವರು ಗೋಡೆಗೆ ತೂಗುಹಾಕದ ಒಂದು ಕಾಯ್ದೆಯಿದೆ: 2007ರ ರಸ್ತೆ ಸಾಗಣೆ ಕಾಯ್ದೆ. 1865ರ ಬ್ರಿಟಿಷ್ ಕಾಲದ ಕಾಯ್ದೆಯ ಜಾಗಕ್ಕೆ ಬಂದದ್ದು. ಸಾಮಾನು ಹಾಳಾದರೆ ಸಾಗಣೆದಾರನ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಾಗಿಲ್ಲ ಎಂಬುದು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. 2000ದಲ್ಲಿ ಪಟೇಲ್ ರೋಡ್‌ವೇಸ್ ಮತ್ತು ಬಿರ್ಲಾ ಯಮಹಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ನಿಯಮ ಗ್ರಾಹಕ ನ್ಯಾಯಾಲಯಕ್ಕೂ ಅನ್ವಯ ಎಂದಿತು. ಗೋಡೌನಿನಲ್ಲಿ ಬೆಂಕಿ ಬಿದ್ದು ಜನರೇಟರ್‌ಗಳು ಸುಟ್ಟ ಪ್ರಕರಣ ಅದು. ಕೊಟ್ಟದ್ದು ಸರಿ ಇತ್ತು, ಬಂದದ್ದು ಸರಿ ಇಲ್ಲ. ನಡುವೆ ಏನಾಯಿತೆಂದು ಹೇಳುವ ಹೊರೆ ಲಾರಿಯವನದು. ನೀವು ತೋರಿಸಬೇಕಾದದ್ದು ಎರಡೇ, ಹೊರಟಾಗಿನ ಸ್ಥಿತಿ ಮತ್ತು ತಲುಪಿದ ಸ್ಥಿತಿ. ಆ ಎರಡೂ ಟೀಚರ ಹಾಜರಿ ಪುಸ್ತಕದಲ್ಲಿದ್ದವು.

ಕಾಯ್ದೆಗೂ ಬಾಲವಿದೆ. ಹೆಚ್ಚಿನ ಮೌಲ್ಯ ಘೋಷಿಸಿ, ಹೆಚ್ಚಿನ ಅಪಾಯದ ದರ ಕೊಡಲು ಒಪ್ಪದಿದ್ದರೆ ಸಾಗಣೆದಾರನ ಹೊಣೆ ಸಾಗಣೆ ದರದ ಹತ್ತು ಪಟ್ಟಿಗೆ ನಿಲ್ಲುತ್ತದೆ. 38,000ಕ್ಕೆ ಹತ್ತು ಪಟ್ಟು ಎಂದರೆ 3,80,000. ಆದರೆ ಬಿಲ್ಲಿನಲ್ಲಿ ‘ಸಾಗಣೆ’ ಎಂಬ ಸಾಲು ಬರೀ 14,000. ಉಳಿದದ್ದು ಪ್ಯಾಕಿಂಗು, ಕೂಲಿ, ಬಿಚ್ಚುವುದು. ಹೊಣೆಯ ದಿನ ಬಂದಾಗ ಕಂಪನಿ ಯಾವ ಸಾಲನ್ನು ಹತ್ತರಿಂದ ಗುಣಿಸುತ್ತದೆಂದು ಊಹಿಸಲು ಬ್ಯಾಂಕಿನ ಅನುಭವ ಬೇಡ. ಇಲ್ಲಿ ಆ ಕುಖ್ಯಾತ ಎಫ್‌ಒವಿ ನಿಮ್ಮ ಕೈಯ ಕೋಲಾಗುತ್ತದೆ. ಅದು ವಿಮೆಯಲ್ಲ ಎಂದಾದರೆ, ನಾಲ್ಕು ಲಕ್ಷದ ಮೌಲ್ಯ ಒಪ್ಪಿಕೊಂಡು ಅಪಾಯಕ್ಕೆಂದೇ ಪಡೆದ ಹಣ. ವಿಮೆ ಎಂದಾದರೆ, ಪಾಲಿಸಿ ತೋರಿಸಿ ಎನ್ನಿ. ಎರಡರಲ್ಲಿ ಯಾವುದನ್ನು ಒಪ್ಪಿದರೂ ‘ಓನರ್ಸ್ ರಿಸ್ಕ್’ ಸ್ಟ್ಯಾಂಪಿನ ಶಾಯಿ ಮಾಸುತ್ತದೆ.

ಎರಡನೆಯ ಬಾಲ ತಾರೀಕಿನದು. ದಾವೆಗೆ ಮೊದಲು ಲಿಖಿತ ನೋಟೀಸು ಕೊಡಲೇಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ. ಒಡೆದದ್ದು ಕಂಡ ದಿನದಿಂದಲ್ಲ. ‘ಮೇಲಿನವರಿಗೆ ಹೇಳಿದ್ದೇವೆ’ ಎಂದು ಕಂಪನಿ ಆರು ತಿಂಗಳು ದೂಡುವುದರ ಹಿಂದೆ ಸೋಮಾರಿತನವಷ್ಟೇ ಅಲ್ಲ, ಈ ಲೆಕ್ಕವೂ ಇರುತ್ತದೆ. ಎಲ್‌ಆರ್‌ನ ಬೆನ್ನಿಗೆ ಎಲ್ಲ ವ್ಯಾಜ್ಯವೂ ದೂರದ ಯಾವುದೋ ಊರಿನ ನ್ಯಾಯಾಲಯದಲ್ಲಿ ಎಂದು ಅಚ್ಚಾಗಿದ್ದರೆ ಹೆದರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ಗಡುವು ಎರಡು ವರ್ಷ. ನೀವು ಕೊಟ್ಟ ಶುಲ್ಕ ಐದು ಲಕ್ಷದೊಳಗಿದ್ದರೆ ಆಯೋಗಕ್ಕೆ ಫೀಸೂ ಇಲ್ಲ.

ಇದು ಘಟ್ಟ ಹತ್ತುವವರ ಕಥೆ. ಕಡಲು ದಾಟುವವರ ಪಟ್ಟಿಯಲ್ಲಿ ಇನ್ನೊಂದು ವಿನೋದವಿದೆ. ದುಬೈಗೋ ಮೆಲ್ಬರ್ನಿಗೋ ಹೋಗುವ ಸಾಮಾನಿನ ಇನ್ವೆಂಟರಿಯಲ್ಲಿ ಪ್ರತಿ ವಸ್ತುವಿನ ಮುಂದೆ ಸಂಕೇತಾಕ್ಷರಗಳಿರುತ್ತವೆ: ಗೀರಿದೆ, ಚಕ್ಕೆ ಎದ್ದಿದೆ, ತಗ್ಗಾಗಿದೆ. ಬುದ್ಧಿವಂತ ಪ್ಯಾಕರು ನಿನ್ನೆ ಕೊಂಡ ಸೋಫಾಕ್ಕೂ ಈ ಮೂರನ್ನೂ ದಯಪಾಲಿಸುತ್ತಾನೆ. ಯಂತ್ರಗಳಿಗೆ ‘ಎಂಸಿಯು’, ಒಳಗಿನ ಸ್ಥಿತಿ ತಿಳಿಯದು ಎಂದು ಅರ್ಥ. ನೀವೇ ಪ್ರೀತಿಯಿಂದ ತುಂಬಿದ ಪೆಟ್ಟಿಗೆಗೆ ‘ಪಿಬಿಒ’, ಮಾಲೀಕರೇ ಪ್ಯಾಕ್ ಮಾಡಿದ್ದು. ಒಳಗೆ ಒಡೆದರೆ ಅನೇಕ ಪಾಲಿಸಿಗಳು ಕೈ ತೊಳೆದುಕೊಳ್ಳುತ್ತವೆ. ಹೊರಡುವಾಗಲೇ ಹಾಳೆಂದು ನೀವೇ ಸಹಿ ಹಾಕಿದ ಸಾಮಾನು ಅಲ್ಲಿ ಹಾಳಾಗುವುದಾದರೂ ಹೇಗೆ? ಒಪ್ಪದ ಸಂಕೇತವನ್ನು ಸಹಿಗೆ ಮೊದಲೇ ಹೊಡೆದುಹಾಕಿಸಬೇಕು. ಹಡಗಿನ ವಿಷಯದಲ್ಲಿ 1924ರ ಹೇಗ್ ನಿಯಮಗಳ ಲೆಕ್ಕ ಇನ್ನೂ ಬಿಗಿ. ಕಣ್ಣಿಗೆ ಕಾಣುವ ಹಾನಿಗೆ ಸಾಮಾನು ಪಡೆಯುವಾಗಲೇ, ಕಾಣದ್ದಕ್ಕೆ ಮೂರು ದಿನದೊಳಗೆ ನೋಟೀಸು ಕೊಡಬೇಕು. ಕೊಡದಿದ್ದರೆ ಸಾಮಾನು ಸರಿಯಾಗಿ ತಲುಪಿತೆಂದು ಮೇಲ್ನೋಟಕ್ಕೆ ನಂಬಲಾಗುತ್ತದೆ. ದಾವೆಗೆ ಒಂದು ವರ್ಷ. ನಮ್ಮವರಿಗೆ ಹೊಸ ದೇಶದಲ್ಲಿ ಕುಚ್ಚಲಕ್ಕಿ ಸಿಗುವ ಅಂಗಡಿ ಹುಡುಕಲಿಕ್ಕೇ ಮೂರು ದಿನ ಸಾಲದು.

ವೈಟ್‌ಫೀಲ್ಡಿಗೆ ಮರಳೋಣ. ಟೀಚರ್ ನೋಟೀಸನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಷರಾದ ಫೋಟೊ, ಕಪಾಟಿನ ಮೊದಲಿನ ಫೋಟೊ, ಆಚಾರಿಯ ಎಸ್ಟಿಮೇಟ್ ಜೊತೆಗಿದ್ದವು. ಫೋನಿನಲ್ಲಿ ಯಾವಾಗಲೂ ‘ಮೀಟಿಂಗಿನಲ್ಲಿ’ ಇರುತ್ತಿದ್ದ ಕಂಪನಿಗೆ ದಿಢೀರನೆ ಬಿಡುವಾಯಿತು. ಕನ್ನಡಿಗೆ, ಕಾಲಿಗೆ, ಗೈರುಹಾಜರಾದ 31ಕ್ಕೆ ಹಣ ಕೊಡುತ್ತೇವೆ ಎಂದರು. ಟಿ.ವಿ.ಗೆ ಇಲ್ಲ, ಷರಾದಲ್ಲಿ ಅದರ ಹೆಸರಿರಲಿಲ್ಲ. ಆ ರಾತ್ರಿ ಅದನ್ನು ಹಚ್ಚಿ ನೋಡಿರಲಿಲ್ಲ, ಬಲ್ಮಠದಲ್ಲಿ ಪ್ಯಾಕ್ ಆಗುವ ಮೊದಲು ಅದು ಓಡುತ್ತಿದ್ದ ವೀಡಿಯೊವೂ ಇರಲಿಲ್ಲ.

ಹಣದ ಮೊದಲು ಒಂದು ವೋಚರ್ ಬಂತು. ಸಹಿ ಮಾಡಿ ಕಳಿಸಿದರೆ ಚೆಕ್ ಬರುತ್ತದಂತೆ. ಒಕ್ಕಣೆ ಹೀಗಿತ್ತು: ‘ಈ ಮೊತ್ತವನ್ನು ಪೂರ್ಣ ಮತ್ತು ಅಂತಿಮವಾಗಿ ಸ್ವೀಕರಿಸಿದ್ದೇವೆ, ಇನ್ನು ಯಾವ ತಕರಾರೂ ಇಲ್ಲ.’ ಮ್ಯಾನೇಜರು ಈ ಸಲ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ಪೂರ್ಣ ಮತ್ತು ಅಂತಿಮ’ಕ್ಕೆ ಗೀಟು ಎಳೆದು, ‘ಟಿ.ವಿ. ಹೊರತುಪಡಿಸಿ, ಹಕ್ಕು ಕಾಯ್ದಿರಿಸಿ’ ಎಂದು ಬರೆದು ಸಹಿ ಮಾಡಿದರು. ಕಂಪನಿ ಗೊಣಗಿತು, ತಡಮಾಡಿತು, ಕೊನೆಗೆ ಕೊಟ್ಟಿತು.

ಟಿ.ವಿ.ಯ ದೂರು ಈಗ ಆಯೋಗದಲ್ಲಿದೆ. ರಿಪೇರಿ ಮಾಡಿಸಿದರೆ ಸಾಕ್ಷ್ಯ ನಾಶವಾಗುತ್ತದೆ ಎಂದು ವಕೀಲರು ಹೇಳಿದ್ದಾರೆ. ಹಾಗಾಗಿ ಮ್ಯಾನೇಜರು ದಿನಾ ರಾತ್ರಿ ಒಂಬತ್ತಕ್ಕೆ, ನಡುವೆ ಹಸಿರು ಗೆರೆ ಎಳೆದ ಸಾಕ್ಷ್ಯದಲ್ಲೇ ವಾರ್ತೆ ನೋಡುತ್ತಾರೆ. ಯಾವ ಮಂತ್ರಿ ಬಂದರೂ ಅರ್ಧ ಈಚೆ, ಅರ್ಧ ಆಚೆ. ವಿಮೆ ಮಾಡಿಸುವಾಗ ಮೌಲ್ಯವನ್ನು ಅರ್ಧಕ್ಕೆ ಇಳಿಸಿದವರಿಗೆ ಅದರಲ್ಲೇನೂ ತಕರಾರು ಇರಬಾರದು ಎಂಬುದು ಟೀಚರ ಅಭಿಪ್ರಾಯ.